ಶಾಖೆಯ ಲಾಭವೆಂಬ ಆಕರ: ಬ್ಯಾಂಕುಗಳ ಒಳದರವನ್ನು ಕುರಿತ ಒಂದು ವಿಮರ್ಶೆ

ದಕ್ಷಿಣ ಕನ್ನಡವನ್ನು ಬ್ಯಾಂಕುಗಳ ತವರೆಂದು ಕರೆಯುವುದು ರೂಢಿಯಾಗಿದೆ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳಿಂದ ಕೆನರಾ ಬ್ಯಾಂಕಿನ ಮೂಲಸಂಸ್ಥೆಯೂ, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರಿಂದ ಕಾರ್ಪೊರೇಶನ್ ಬ್ಯಾಂಕಿನ ಮೂಲಸಂಸ್ಥೆಯೂ ಹುಟ್ಟಿಕೊಂಡುವು. 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕೆನಿಸಿದ ಉಡುಪಿಯ ಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕು ಒಂದರ ಹಿಂದೊಂದು ಬಂದುವು. ಈ ಸಂಸ್ಥೆಗಳ ಸ್ಥಾಪಕರನ್ನೂ ಅವುಗಳ ವಿಸ್ತರಣೆಯನ್ನೂ ಕುರಿತು ಸಾಕಷ್ಟು ಬರೆಯಲಾಗಿದೆ. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳಂತಹ ಊರುಗಳ ಶಾಖೆಗಳ ವಿಷಯ ಬಂದಾಗ ನಮ್ಮ ಬರಹಗಾರರು ಒಂದು ಮಾತನ್ನು ಪರೀಕ್ಷೆಯಿಲ್ಲದೆ ಕೈಯಿಂದ ಕೈಗೆ ದಾಟಿಸುತ್ತ ಬಂದಿದ್ದಾರೆ: ಪೇಟೆಯ ಶಾಖೆ ಗಳಿಸುತ್ತದೆ, ಹಳ್ಳಿಯ ಶಾಖೆ ಕಳೆಯುತ್ತದೆ, ಗಳಿಸಿದುದರಿಂದ ಕಳೆದುದನ್ನು ತುಂಬಿಕೊಡುವುದೇ ಗ್ರಾಮೀಣ ಬ್ಯಾಂಕು ವ್ಯವಹಾರ.

ಈ ಮಾತು ಸುಳ್ಳೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಅದಕ್ಕೆ ಆಧಾರವಾಗಿ ಕೊಡುವ ಅಂಕಿ, ಅಂದರೆ ಶಾಖೆಯ ಲಾಭನಷ್ಟ ತಃಖ್ತೆಯ ಕೊನೆಯ ಸಾಲು, ಎಂತಹ ಆಕರವೆಂಬುದನ್ನು ವಿಚಾರಿಸುವುದಷ್ಟೇ ನಮ್ಮ ಕೆಲಸ. ಶಾಸನವೊಂದು ಕೈಗೆ ಬಂದಾಗ ಅದನ್ನು ಯಾರು, ಯಾವಾಗ, ಯಾರಿಗಾಗಿ ಬರೆಸಿದರೆಂದು ಕೇಳದೆ ನಾವು ಮುಂದೆ ಹೋಗುವುದಿಲ್ಲ. ಲೆಕ್ಕದ ಹಾಳೆ ಕೈಗೆ ಬಂದಾಗ ಮಾತ್ರ, ಅದು ಅಂಕಿಗಳಲ್ಲಿದೆ ಎಂಬ ಒಂದೇ ಕಾರಣದಿಂದ, ಆ ಪ್ರಶ್ನೆಗಳನ್ನು ಮರೆತುಬಿಡುತ್ತೇವೆ.

ಬ್ಯಾಂಕಿನ ಒಂದು ಶಾಖೆ ಸ್ವತಂತ್ರ ಅಂಗಡಿಯಲ್ಲ. ಊರವರಿಂದ ಠೇವಣಿ ಪಡೆದು ಊರವರಿಗೇ ಸಾಲ ಕೊಟ್ಟು ಮುಗಿಸುವ ಶಾಖೆಗಳು ಅಪರೂಪ. ಘಟ್ಟದ ಬುಡದ ಬೆಳ್ತಂಗಡಿ ತಾಲೂಕಿನ ಒಂದು ಹಳ್ಳಿಯನ್ನು ತೆಗೆದುಕೊಳ್ಳೋಣ. ಅಲ್ಲಿ ಅಡಿಕೆ ಮತ್ತು ರಬ್ಬರಿನ ಹಣವಿದೆ. ಮುಂಬಯಿಯಿಂದಲೂ ಕೊಲ್ಲಿ ದೇಶಗಳಿಂದಲೂ ಮಕ್ಕಳು ಕಳುಹಿಸಿದ ಹಣವಿದೆ. ಸಾಲ ಕೇಳುವವರು ಅಷ್ಟಿಲ್ಲ. ಬಂಟ್ವಾಳದ ಪೇಟೆಯ ಸ್ಥಿತಿ ಇದಕ್ಕೆ ತದ್ವಿರುದ್ಧ. ಒಂದು ಕಾಲದಲ್ಲಿ ಮೈಸೂರು ಸೀಮೆಯ ಕಾಫಿ ಘಟ್ಟವಿಳಿದು ಬಂದು, ನೇತ್ರಾವತಿಯಲ್ಲಿ ದೋಣಿಯೇರಿ ಮಂಗಳೂರಿಗೆ ಹೋಗುತ್ತಿದ್ದ ಸ್ಥಳವದು. ವ್ಯಾಪಾರದ ಕೇಂದ್ರವು ಹಳೆಯ ಪೇಟೆಯಿಂದ ಬಿ.ಸಿ. ರೋಡಿಗೆ ಸರಿದಿದ್ದರೂ ವ್ಯಾಪಾರಿಗಳಿಗೆ ದುಡಿಯುವ ಬಂಡವಾಳದ ಹಸಿವು ಹಿಂಗಿಲ್ಲ. ಹೀಗಾಗಿ ಒಂದೆಡೆ ಹಣ ಮಿಗುತ್ತದೆ, ಇನ್ನೊಂದೆಡೆ ಸಾಲದು. ಮಿಕ್ಕ ಹಣ ಪ್ರಧಾನ ಕಛೇರಿಯ ಮೂಲಕ ಅದು ಬೇಕಾದ ಶಾಖೆಗೆ ಹೋಗುತ್ತದೆ. ನಿಜವಾಗಿ ನೋಟುಗಳೇನೂ ಪ್ರಯಾಣ ಮಾಡುವುದಿಲ್ಲ. ಎರಡೂ ಶಾಖೆಗಳ ಪುಸ್ತಕದಲ್ಲಿ ‘ಪ್ರಧಾನ ಕಛೇರಿ ಖಾತೆ’ ಎಂಬ ಶೀರ್ಷಿಕೆಯ ಕೆಳಗೆ ಒಂದು ಜಮಾ, ಒಂದು ಖರ್ಚು ಬೀಳುತ್ತದೆ, ಅಷ್ಟೆ.

ಈ ಹಣಕ್ಕೆ ಬಡ್ಡಿ ಎಷ್ಟು? ಹಳ್ಳಿಯ ಶಾಖೆ ತನ್ನ ಠೇವಣಿದಾರರಿಗೆ ಬಡ್ಡಿ ಕೊಟ್ಟಿದೆ. ಅದಕ್ಕೆ ಏನಾದರೂ ಬರಬೇಕು. ಪೇಟೆಯ ಶಾಖೆ ಆ ಹಣವನ್ನು ಸಾಲ ಕೊಟ್ಟು ಗಳಿಸಿದೆ. ಅದು ಏನಾದರೂ ತೆರಬೇಕು. ಈ ‘ಏನಾದರೂ’ ಎಷ್ಟೆಂಬುದನ್ನು ಪ್ರಧಾನ ಕಛೇರಿಯೇ ಗೊತ್ತುಮಾಡುತ್ತದೆ. ಒಂದೇ ಕಂಪೆನಿಯ ಒಂದು ವಿಭಾಗವು ಇನ್ನೊಂದಕ್ಕೆ ಸರಕನ್ನು ಒಪ್ಪಿಸುವಾಗ ಲೆಕ್ಕದಲ್ಲಿ ಹಚ್ಚುವ ಬೆಲೆಗೆ ವಾಣಿಜ್ಯಶಾಸ್ತ್ರದವರು ವರ್ಗಾವಣೆ ಬೆಲೆ ಎನ್ನುತ್ತಾರೆ. ಬ್ಯಾಂಕಿನಲ್ಲಿ ಸರಕೇ ಹಣವಾದುದರಿಂದ ಅದರ ವರ್ಗಾವಣೆ ಬೆಲೆ ಬಡ್ಡಿಯ ದರವಾಗುತ್ತದೆ. ನಾವು ಅದನ್ನು ಒಳದರ ಎಂದು ಕರೆಯುತ್ತೇವೆ. (1969ರಲ್ಲಿ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳೂ, 1980ರಲ್ಲಿ ಕಾರ್ಪೊರೇಶನ್ ಮತ್ತು ವಿಜಯಾ ಬ್ಯಾಂಕುಗಳೂ ರಾಷ್ಟ್ರೀಕೃತವಾದ ಮೇಲೆ ಕಾನೂನಿನ ದೃಷ್ಟಿಯಲ್ಲಿ ಅವು ಕಂಪೆನಿಗಳಾಗಿ ಉಳಿಯಲಿಲ್ಲ. ಒಳಲೆಕ್ಕದ ತತ್ತ್ವಕ್ಕೆ ಇದರಿಂದ ಭೇದವೇನೂ ಉಂಟಾಗದು.)

ಇನ್ನು ಒಂದು ಲೆಕ್ಕವನ್ನು ಮಾಡಿಯೇ ನೋಡಬೇಕು. ಕೆಳಗಿನ ಅಂಕಿಗಳು ಯಾವ ನಿಜವಾದ ಶಾಖೆಯವೂ ಅಲ್ಲ. ವಿಷಯ ತಿಳಿಯಾಗಲೆಂದು ನಾವೇ ಹೂಡಿದವು. ಬೆಳ್ತಂಗಡಿ ತಾಲೂಕಿನ ನಮ್ಮ ಹಳ್ಳಿಯ ಶಾಖೆಯಲ್ಲಿ ವರ್ಷದ ಸರಾಸರಿ ಠೇವಣಿ 40 ಕೋಟಿ ರೂಪಾಯಿ, ಅದಕ್ಕೆ ಕೊಡುವ ಬಡ್ಡಿ ಸರಾಸರಿ ಶೇಕಡಾ 5. ಸಾಲ 12 ಕೋಟಿ, ಅದರ ಬಡ್ಡಿ ಶೇಕಡಾ 9. ಸಂಬಳ, ಬಾಡಿಗೆ ಮುಂತಾದ ಖರ್ಚು 80 ಲಕ್ಷ. ಹಾಗಾದರೆ ಠೇವಣಿದಾರರಿಗೆ ಕೊಟ್ಟುದು 200 ಲಕ್ಷ, ಸಾಲಗಾರರಿಂದ ಬಂದುದು 108 ಲಕ್ಷ. ಖರ್ಚನ್ನೂ ಕಳೆದರೆ ಶಾಖೆ 172 ಲಕ್ಷ ಹಿಂದೆ ಬಿದ್ದಿದೆ. ಉಳಿದ 28 ಕೋಟಿ ಪ್ರಧಾನ ಕಛೇರಿಗೆ ಹೋಗಿದೆ. ಬಂಟ್ವಾಳದ ನಮ್ಮ ಪೇಟೆಯ ಶಾಖೆಯಲ್ಲಿ ಠೇವಣಿ 30 ಕೋಟಿ, ಸಾಲ 58 ಕೋಟಿ, ಖರ್ಚು 120 ಲಕ್ಷ. ಬಡ್ಡಿಯ ದರಗಳು ಮೊದಲಿನವೇ. ಇಲ್ಲಿ ಬಂದುದು 522 ಲಕ್ಷ, ಕೊಟ್ಟುದು 150 ಲಕ್ಷ. ಖರ್ಚು ಕಳೆದು ಮಿಕ್ಕುದು 252 ಲಕ್ಷ. ಕೊರತೆಯ 28 ಕೋಟಿ ಪ್ರಧಾನ ಕಛೇರಿಯಿಂದ ಬಂದಿದೆ.

ಒಳದರ ಶೇಕಡಾ 5 ಆಗಿರಲಿ. 28 ಕೋಟಿಗೆ 140 ಲಕ್ಷವಾಗುತ್ತದೆ. ಹಳ್ಳಿಯ ಶಾಖೆಗೆ 32 ಲಕ್ಷ ನಷ್ಟ, ಪೇಟೆಯ ಶಾಖೆಗೆ 112 ಲಕ್ಷ ಲಾಭ. ಶೇಕಡಾ 6 ಆದರೆ ಹಳ್ಳಿಯ ನಷ್ಟ 4 ಲಕ್ಷಕ್ಕೆ ಇಳಿದು ಪೇಟೆಯ ಲಾಭ 84 ಲಕ್ಷಕ್ಕೆ ಬರುತ್ತದೆ. ಶೇಕಡಾ 7 ಆದರೆ ಹಳ್ಳಿಯ ಶಾಖೆ 24 ಲಕ್ಷ ಲಾಭವನ್ನು ತೋರಿಸುತ್ತದೆ, ಪೇಟೆಯ ಶಾಖೆ 56 ಲಕ್ಷವನ್ನು. ಮೂರು ಸಲವೂ ಎರಡನ್ನು ಕೂಡಿಸಿದರೆ ಬರುವುದು ಅದೇ 80 ಲಕ್ಷ. ಹಳ್ಳಿಯಲ್ಲಿ ಒಬ್ಬ ಹೊಸ ಠೇವಣಿದಾರ ಬಂದಿಲ್ಲ, ಒಬ್ಬ ಗುಮಾಸ್ತ ಕಡಮೆಯಾಗಿಲ್ಲ, ಒಂದು ಸಾಲ ಕೆಟ್ಟಿಲ್ಲ. ಪ್ರಧಾನ ಕಛೇರಿಯ ಒಂದು ಸುತ್ತೋಲೆಯಿಂದ ನಷ್ಟದ ಶಾಖೆ ಲಾಭದ ಶಾಖೆಯಾಯಿತು. ಒಳದರ ಶೇಕಡಾ 6.14ರ ಆಸುಪಾಸನ್ನು ದಾಟಿದೊಡನೆ ಈ ಪರಿವರ್ತನೆ ಆಗಿಹೋಗುತ್ತದೆ.

ಹಾಗಾದರೆ ಶಾಖೆಯ ಲಾಭವೆಂಬುದು ಬರಿಯ ಕಲ್ಪನೆಯೇ ಎಂದು ಕೇಳಬಹುದು. ಅಷ್ಟು ದೂರ ಹೋಗಬೇಕಾಗಿಲ್ಲ. ಠೇವಣಿ, ಸಾಲ, ಖರ್ಚುಗಳು ನಿಜ; ಅವುಗಳನ್ನು ಹೊರಗಿನ ಜನರೊಡನೆ ನಡೆದ ವ್ಯವಹಾರದಿಂದ ಪರೀಕ್ಷಿಸಬಹುದು. ಪ್ರಧಾನ ಕಛೇರಿಯ ಬಡ್ಡಿಯೊಂದು ಮಾತ್ರ ಹೊರಗಿನವರಾರೂ ಒಪ್ಪಿ ಕೊಟ್ಟ ಅಥವಾ ಪಡೆದ ಬೆಲೆಯಲ್ಲ. ಆದುದರಿಂದ ಪ್ರಶ್ನೆ ಇರುವುದು ಆ ದರವನ್ನು ಯಾವ ಅಳತೆಗೋಲಿನಿಂದ ಗೊತ್ತುಮಾಡಿದರು ಎಂಬುದರಲ್ಲಿ. ಅಮೆರಿಕದ ಅರ್ಥಶಾಸ್ತ್ರಜ್ಞ ಜ್ಯಾಕ್ ಹರ್ಷ್‌ಲೈಫರ್ 1956ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದಕ್ಕೆ ಕೊಟ್ಟ ಉತ್ತರ ಹೆಸರಾದುದು. ವಿಭಾಗಗಳ ನಡುವೆ ಸಾಗುವ ಸರಕಿಗೆ ಹೊರಗೆ ಪೈಪೋಟಿಯ ಮಾರುಕಟ್ಟೆ ಇದ್ದರೆ ಅಲ್ಲಿಯ ಬೆಲೆಯೇ ಒಳಬೆಲೆಯಾಗಬೇಕು; ಅಂತಹ ಮಾರುಕಟ್ಟೆ ಇಲ್ಲದಿದ್ದರೆ ಇನ್ನೊಂದು ಘಟಕವನ್ನು ಹೆಚ್ಚಾಗಿ ತಯಾರಿಸಲು ತಗಲುವ ವೆಚ್ಚವೇ ಒಳಬೆಲೆಯಾಗಬೇಕು. ಬ್ಯಾಂಕಿಗೆ ಇದನ್ನು ಅನ್ವಯಿಸಿದರೆ, ಹಳ್ಳಿಯ ಶಾಖೆಯ 28 ಕೋಟಿ ಇಲ್ಲದಿದ್ದಲ್ಲಿ ಅಷ್ಟು ಹಣವನ್ನು ಅಷ್ಟೇ ಅವಧಿಗೆ ಹೊರಗಿನಿಂದ ಎತ್ತಲು ಏನು ತೆರಬೇಕಾಗುತ್ತಿತ್ತೋ ಅದೇ ಸರಿಯಾದ ಒಳದರ.

ತತ್ತ್ವ ಸರಳವಾಗಿದೆ. ಆದರೆ ನಮ್ಮ ದೇಶದ ಬ್ಯಾಂಕು ಚರಿತ್ರೆಯ ಬಹುಭಾಗದಲ್ಲಿ ಆ ಹೊರಗಿನ ಬೆಲೆಯೇ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಠೇವಣಿಯ ದರಗಳನ್ನು ಬಹುಕಾಲ ರಿಸರ್ವ್ ಬ್ಯಾಂಕು ಗೊತ್ತುಮಾಡುತ್ತಿತ್ತು. ಬ್ಯಾಂಕುಗಳು ಒಂದೆರಡು ದಿನದ ಮಟ್ಟಿಗೆ ಪರಸ್ಪರ ಕೊಡುವ ಹಣದ ಬಡ್ಡಿಗೂ 1989ರವರೆಗೆ ಮೇಲಿನ ಮಿತಿಯೊಂದಿತ್ತು. ದೊಡ್ಡ ಮೊತ್ತದ ಹಣವನ್ನು ಕೆಲವು ತಿಂಗಳ ಅವಧಿಗೆ ಮಾರುಕಟ್ಟೆಯಿಂದ ಎತ್ತುವ ಠೇವಣಿ ಪ್ರಮಾಣಪತ್ರಗಳು ಬಂದುದೂ 1989ರಲ್ಲಿಯೇ. ಅದಕ್ಕೆ ಹಿಂದಿನ ಶಾಖೆಯ ಲೆಕ್ಕಗಳಲ್ಲಿ ಕಾಣುವ ಪ್ರಧಾನ ಕಛೇರಿ ಬಡ್ಡಿಯನ್ನು ಮಾರುಕಟ್ಟೆಯ ಬೆಲೆಯೆಂದು ಓದುವುದು ಅಸಾಧ್ಯ. ಅದು ಆಡಳಿತದ ತೀರ್ಮಾನ. ಠೇವಣಿ ಸಂಗ್ರಹಕ್ಕೆ ಹುರುಪು ಕೊಡಬೇಕೆಂದು ಕಂಡಾಗ ದರವನ್ನು ಏರಿಸಬಹುದು, ಸಾಲ ಹಂಚಬೇಕೆಂದು ಕಂಡಾಗ ಇಳಿಸಬಹುದು. ಹೀಗೆ ಏರಿಳಿಸಿದುದರಲ್ಲಿ ತಪ್ಪೇನೂ ಇಲ್ಲ. ಅಂತಹ ದರದಿಂದ ಹುಟ್ಟಿದ ಲಾಭನಷ್ಟವನ್ನು ಊರಿನ ಆರ್ಥಿಕ ಶಕ್ತಿಯ ಅಳತೆಯೆಂದು ನಂತರದವರು ಬಳಸುವುದೇ ತಪ್ಪು.

ಆ ಕಾಲದ ಇನ್ನೊಂದು ಸಂಗತಿ ಇದಕ್ಕಿಂತಲೂ ಹೆಚ್ಚು ಮಹತ್ತ್ವದ್ದೆಂದು ನಮಗೆ ತೋರುತ್ತದೆ. 1991ರ ಹೊತ್ತಿಗೆ ಬ್ಯಾಂಕುಗಳು ತಮ್ಮ ಠೇವಣಿಯ ಶೇಕಡಾ 15ನ್ನು ರಿಸರ್ವ್ ಬ್ಯಾಂಕಿನಲ್ಲಿ ನಗದಾಗಿಯೂ, ಶೇಕಡಾ 38.5ನ್ನು ಮುಖ್ಯವಾಗಿ ಸರ್ಕಾರದ ಸಾಲಪತ್ರಗಳಲ್ಲಿಯೂ ಇಡಬೇಕಾಗಿತ್ತು. ನೂರು ರೂಪಾಯಿ ಠೇವಣಿಯಲ್ಲಿ 53 ರೂಪಾಯಿ 50 ಪೈಸೆ ಹೀಗೆ ಬಂಧಿತವಾಗುತ್ತಿತ್ತು. ಅದರ ಆದಾಯ ಸಾಲದ ಆದಾಯಕ್ಕಿಂತ ಬಹಳ ಕಡಮೆ. ಈ ಹೊರೆಯನ್ನು ಯಾವ ಶಾಖೆ ಹೊರಬೇಕು? ಪ್ರಧಾನ ಕಛೇರಿಯು ತನ್ನ ಕೈಸೇರಿದ ಎಲ್ಲ ಹಣದ ಸರಾಸರಿ ಗಳಿಕೆಯನ್ನು ಆಧಾರವಾಗಿಟ್ಟುಕೊಂಡು ಒಳದರವನ್ನು ಗೊತ್ತುಮಾಡಿದರೆ, ಸರಾಸರಿಯನ್ನು ಕೆಳಗೆಳೆಯುವ ಈ ಬಂಧಿತ ಹಣದ ಭಾರವು ಹಣ ಕಳುಹಿಸುವ ಶಾಖೆಗಳ ತಲೆಯ ಮೇಲೆಯೇ ಬೀಳುತ್ತದೆ. ತನ್ನ ಠೇವಣಿಯನ್ನು ಊರಿನಲ್ಲಿಯೇ ಸಾಲವಾಗಿ ಹಂಚಿದ ಶಾಖೆಗೆ ಅದು ತಟ್ಟುವುದೇ ಇಲ್ಲ. ಅಂದರೆ ಸರ್ಕಾರ ಅಗ್ಗವಾಗಿ ಪಡೆದ ಸಾಲದ ವೆಚ್ಚವು ಬೆಳ್ತಂಗಡಿಯಂತಹ ಕಡೆಯ ಶಾಖೆಯ ನಷ್ಟವಾಗಿ ಪುಸ್ತಕದಲ್ಲಿ ಮೂಡುತ್ತದೆ. 1972ರಲ್ಲಿ ಆರಂಭವಾದ ಭೇದಾತ್ಮಕ ಬಡ್ಡಿದರದ ಯೋಜನೆಯಂತೆ ಅತಿ ಬಡವರಿಗೆ ಶೇಕಡಾ 4ರಂತೆ ಕೊಟ್ಟ ಸಾಲಗಳೂ ಹಾಗೆಯೇ. ನೀತಿ ದೆಹಲಿಯದು, ನಷ್ಟದ ಸಾಲು ಹಳ್ಳಿಯದು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು 1991ರ ನರಸಿಂಹಂ ಸಮಿತಿಯ ವರದಿಯ ಕಡೆ ತಿರುಗಬೇಕು. 1977ರಿಂದ 1990ರವರೆಗೆ ಜಾರಿಯಲ್ಲಿದ್ದ ನಿಯಮದಂತೆ, ಈಗಾಗಲೇ ಬ್ಯಾಂಕಿರುವ ಊರಿನಲ್ಲಿ ಒಂದು ಹೊಸ ಶಾಖೆ ತೆರೆಯಬೇಕಾದರೆ ಬ್ಯಾಂಕಿಲ್ಲದ ನಾಲ್ಕು ಊರುಗಳಲ್ಲಿ ಶಾಖೆ ತೆರೆಯಬೇಕಾಗಿತ್ತು. ಆ ವಿಸ್ತರಣೆಯಿಂದ ಬ್ಯಾಂಕುಗಳ ಲಾಭದಾಯಕತೆ ಕುಗ್ಗಿತೆಂಬ ಅಭಿಪ್ರಾಯ ಬಲವಾಗಿದ್ದ ಕಾಲವದು. ಸಾರ್ವಜನಿಕ ಬ್ಯಾಂಕುಗಳು ತಮ್ಮ ಗ್ರಾಮೀಣ ಶಾಖೆಗಳನ್ನು ಪ್ರತ್ಯೇಕ ಅಂಗಸಂಸ್ಥೆಗಳಿಗೆ ವಹಿಸಿಕೊಡಲೆಂದು ಸಮಿತಿ ಸಲಹೆ ಮಾಡಿತು. ಈ ಸಲಹೆಯನ್ನು ಒಳದರದ ದೃಷ್ಟಿಯಿಂದ ನೋಡಿದರೆ ಒಂದು ಪ್ರಶ್ನೆ ಏಳುತ್ತದೆ. ಹಳ್ಳಿಯ ಶಾಖೆಗಳು ಬೇರೆ ಸಂಸ್ಥೆಯಾದ ಮರುದಿನ ತಮ್ಮ ಮಿಗುತಾಯದ ಹಣವನ್ನು ತಾಯಿ ಬ್ಯಾಂಕಿಗೆ ಯಾವ ದರದಲ್ಲಿ ಕೊಡುತ್ತಿದ್ದುವು? ಹಳೆಯ ಒಳದರದಲ್ಲಿಯೇ ಕೊಟ್ಟರೆ ಹಳೆಯ ನಷ್ಟವೇ ಹೊಸ ಹೆಸರಿನಲ್ಲಿ ಮುಂದುವರಿಯುತ್ತಿತ್ತು. ಬೇರೆ ಬ್ಯಾಂಕಿಗೂ ಮಾರಬಹುದೆಂಬ ಸ್ವಾತಂತ್ರ್ಯ ಸಿಕ್ಕಿದ್ದರೆ, ಪೇಟೆಯ ಶಾಖೆಗಳ ಲಾಭದಲ್ಲಿ ಎಷ್ಟು ಪಾಲು ಹಳ್ಳಿಯ ಅಗ್ಗದ ಹಣದ್ದೆಂಬುದು ಆಗ ಬಯಲಾಗುತ್ತಿತ್ತು. ನಮ್ಮ ಲೆಕ್ಕದಲ್ಲಿ ಒಳದರ ಶೇಕಡಾ 5 ಇದ್ದಾಗ ಪೇಟೆಯ ಶಾಖೆ ತೋರಿಸಿದ 112 ಲಕ್ಷದಲ್ಲಿ 56 ಲಕ್ಷ ಇಂತಹುದೇ, ಹೊರಗಿನ ದರ ಶೇಕಡಾ 7 ಎಂದಿಟ್ಟುಕೊಂಡರೆ.

ಇದರ ಎದುರು ಹೇಳಬಹುದಾದ ಮಾತನ್ನೂ ಮುಚ್ಚಿಡಬಾರದು. ಹಳ್ಳಿಯಲ್ಲಿ ಖಾತೆಗಳು ಸಣ್ಣವು, ಕೆಲಸ ಹೆಚ್ಚು. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯನ್ನೇ ನೋಡಬಹುದು. ದಿನಕ್ಕೆ ಎರಡಾಣೆಯಂತೆ ಮನೆಮನೆಯಿಂದ ಎತ್ತಿದ ಆ ಹಣಕ್ಕೆ ಬಡ್ಡಿಯಲ್ಲದೆ ಎತ್ತುವವನ ಕಮಿಷನ್ನೂ ಸೇರುತ್ತದೆ. ಆ ಕಮಿಷನ್ ಸಂಗ್ರಹಿಸಿದ ಶಾಖೆಯ ಖರ್ಚು. ಹಣ ಮಾತ್ರ ಎಲ್ಲರದು. ಇಂತಹ ಠೇವಣಿಯ ಪೂರ್ಣ ವೆಚ್ಚವು ಹೊರಗಿನ ದರವನ್ನು ಮೀರಿದ್ದರೆ ಆ ಶಾಖೆ ನಿಜವಾಗಿಯೂ ನಷ್ಟದಲ್ಲಿದೆ. ಯಾವ ಒಳದರವೂ ಅದನ್ನು ಅಳಿಸಲಾರದು, ಅದನ್ನು ಬೇರೆ ಶಾಖೆಯ ಪುಸ್ತಕಕ್ಕೆ ಸರಿಸಬಲ್ಲುದು ಅಷ್ಟೆ. ಆದುದರಿಂದ ಹಳ್ಳಿಯ ಪಕ್ಷಪಾತಿಗಳು ಒಳದರವನ್ನು ಏರಿಸಿ ನಷ್ಟವನ್ನು ಮರೆಮಾಡುವುದೂ, ಪೇಟೆಯ ಪಕ್ಷಪಾತಿಗಳು ಇಳಿಸಿ ತೋರಿಸುವುದೂ ಸಮಾನವಾಗಿ ಅಗ್ರಾಹ್ಯ.

ಶಾಖೆಯನ್ನು ಮುಚ್ಚಬೇಕೇ ಬೇಡವೇ ಎಂಬ ವಿಚಾರ ಬಂದಾಗ ಈ ಭೇದ ಎಷ್ಟು ದೊಡ್ಡದೆಂಬುದು ಕಾಣುತ್ತದೆ. ಒಳದರ ಶೇಕಡಾ 5 ಎಂದಿಟ್ಟ ಬ್ಯಾಂಕಿನ ಪುಸ್ತಕದಲ್ಲಿ ನಮ್ಮ ಹಳ್ಳಿಯ ಶಾಖೆಗೆ 32 ಲಕ್ಷ ನಷ್ಟ. ಮುಚ್ಚಿದರೆ 32 ಲಕ್ಷ ಉಳಿಯುತ್ತದೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಮುಚ್ಚಿದ ಮೇಲೆ ಉಳಿಯುವುದು ಠೇವಣಿಯ ಬಡ್ಡಿ 200 ಲಕ್ಷ, ಖರ್ಚು 80 ಲಕ್ಷ, ಒಟ್ಟು 280 ಲಕ್ಷ. ತಪ್ಪುವುದು ಸಾಲದ ಬಡ್ಡಿ 108 ಲಕ್ಷ. ಅದಲ್ಲದೆ ಪೇಟೆಯ ಶಾಖೆಗೆ ಬೇಕಾದ 28 ಕೋಟಿಯನ್ನು ಹೊರಗಿನಿಂದ ತರಬೇಕು. ಹೊರಗಿನ ದರ ಶೇಕಡಾ 7 ಆಗಿದ್ದರೆ ಅದಕ್ಕೆ 196 ಲಕ್ಷ. ಕೂಡಿಸಿದರೆ 304 ಲಕ್ಷ. 32 ಲಕ್ಷ ಉಳಿಸಲು ಹೋದ ಬ್ಯಾಂಕು 24 ಲಕ್ಷ ಕಳೆದುಕೊಂಡಿತು. ಅದೂ ಎಲ್ಲ ಖರ್ಚೂ ಉಳಿಯುತ್ತದೆಂಬ ಭರವಸೆಯ ಮೇಲೆ. ಸಿಬ್ಬಂದಿಯನ್ನು ಬೇರೆ ಶಾಖೆಗೆ ವರ್ಗ ಮಾಡಿದರೆ ಅವರ ಸಂಬಳ ಬ್ಯಾಂಕಿಗೆ ಉಳಿಯುವುದಿಲ್ಲ, ನಷ್ಟ ಇನ್ನೂ ಹೆಚ್ಚುತ್ತದೆ. ಇನ್ನೊಂದು ಕಡೆ, ಮುಚ್ಚಿದ ಶಾಖೆಯ ಠೇವಣಿದಾರರಲ್ಲಿ ಕೆಲವರು ಅದೇ ಬ್ಯಾಂಕಿನ ಸಮೀಪದ ಶಾಖೆಗೆ ಹೋದರೆ ನಷ್ಟ ಅಷ್ಟರಮಟ್ಟಿಗೆ ತಗ್ಗಬಹುದು. ಒಳದರವೂ ಹೊರದರವೂ ಒಂದೇ ಆಗಿದ್ದ ಪಕ್ಷದಲ್ಲಿ ಶಾಖೆಯ ತಃಖ್ತೆಯೇ 24 ಲಕ್ಷದ ಲಾಭವನ್ನು ತೋರಿಸಿ ಈ ಪ್ರಮಾದವನ್ನು ತಡೆಯುತ್ತಿತ್ತು.

ಮೂಡಬಿದಿರೆಯನ್ನು ನಾವು ಇಷ್ಟು ಹೊತ್ತು ಬದಿಗಿಟ್ಟಿದ್ದೆವು. ಬಸದಿಗಳ ಊರೆಂದೇ ಪ್ರಸಿದ್ಧವಾಗಿದ್ದ ಅದು ಈಚೆಗೆ ವಿದ್ಯಾಸಂಸ್ಥೆಗಳ ಊರೂ ಆಗಿದೆ. ಅಲ್ಲಿಯ ಒಂದು ಶಾಖೆಯಲ್ಲಿ ಠೇವಣಿಯೂ ಸಾಲವೂ ಸಮವಾಗಿ 35 ಕೋಟಿ ಇದೆಯೆಂದೂ, ದರಗಳು ಮೇಲಿನವೇ ಎಂದೂ, ಖರ್ಚು 100 ಲಕ್ಷವೆಂದೂ ಊಹಿಸೋಣ. ಅದರ ಲಾಭ 40 ಲಕ್ಷ. ಹಣ ಮಿಗುವುದೂ ಇಲ್ಲ, ಕೊರೆಯಾಗುವುದೂ ಇಲ್ಲ. ಆದುದರಿಂದ ಒಳದರ ಏನೇ ಆದರೂ ಈ ಶಾಖೆಗೆ ಬಾಧಕವಿಲ್ಲವೆಂದು ತೋರುತ್ತದೆ. ಒಂದೇ ದರವಿರುವ ತನಕ ಇದು ನಿಜ. ಆದರೆ ಬ್ಯಾಂಕುಗಳಲ್ಲಿ ಇನ್ನೊಂದು ಪದ್ಧತಿಯೂ ಉಂಟು. ಅದರಂತೆ ಶಾಖೆಯ ಎಲ್ಲ ಠೇವಣಿಯನ್ನೂ ಪ್ರಧಾನ ಕಛೇರಿ ಒಂದು ದರದಲ್ಲಿ ಕೊಂಡಂತೆಯೂ, ಶಾಖೆ ಕೊಟ್ಟ ಎಲ್ಲ ಸಾಲಕ್ಕೂ ಬೇಕಾದ ಹಣವನ್ನು ಇನ್ನೊಂದು ದರದಲ್ಲಿ ಮಾರಿದಂತೆಯೂ ಲೆಕ್ಕ ಹಿಡಿಯುತ್ತಾರೆ. ಕೊಳ್ಳುವ ದರ ಶೇಕಡಾ 6.5, ಮಾರುವ ದರ ಶೇಕಡಾ 7 ಎಂದಿರಲಿ. ಮೂಡಬಿದಿರೆಯ ಶಾಖೆಗೆ ಠೇವಣಿಯಲ್ಲಿ 52.5 ಲಕ್ಷ, ಸಾಲದಲ್ಲಿ 70 ಲಕ್ಷ ಉಳಿದು, ಖರ್ಚು ಕಳೆದ ಮೇಲೆ ಲಾಭ 22.5 ಲಕ್ಷಕ್ಕೆ ಇಳಿಯುತ್ತದೆ. ಇದೇ ರೀತಿಯಲ್ಲಿ ಹಳ್ಳಿಯ ಶಾಖೆಗೆ 4 ಲಕ್ಷವೂ ಪೇಟೆಯ ಶಾಖೆಗೆ 41 ಲಕ್ಷವೂ ಬರುತ್ತವೆ. ಮೂರರ ಮೊತ್ತ 67.5 ಲಕ್ಷ. ಒಂದೇ ದರದ ಪದ್ಧತಿಯಲ್ಲಿ ಮೂರೂ ಸೇರಿ 120 ಲಕ್ಷ ಗಳಿಸಿದ್ದುವು. ಮಿಕ್ಕ 52.5 ಲಕ್ಷ ಎಲ್ಲಿ ಹೋಯಿತು? 105 ಕೋಟಿಯ ಮೇಲೆ ಕೊಳ್ಳುವ ಮಾರುವ ದರಗಳ ಅಂತರವಾದ ಅರ್ಧ ಶೇಕಡಾ ಪ್ರಧಾನ ಕಛೇರಿಯ ಹಣಕಾಸು ವಿಭಾಗದ ಲಾಭವಾಗಿ ಕುಳಿತಿದೆ. ಶಾಖೆಗಳೆಲ್ಲ ಬಡವಾದುವು, ಬ್ಯಾಂಕು ಬಡವಾಗಲಿಲ್ಲ.

ಬಡ್ಡಿದರದ ಏರಿಳಿತದ ಅಪಾಯವನ್ನು ಆ ವಿಭಾಗವೇ ಹೊರುವುದರಿಂದ ಅದಕ್ಕೆ ಸ್ವಲ್ಪ ಅಂತರ ಸಲ್ಲಬೇಕೆಂಬ ವಾದವಿದೆ. ಅದನ್ನು ನಾವು ಒಪ್ಪುತ್ತೇವೆ. ಅವಧಿಗೆ ತಕ್ಕಂತೆ ದರ ಹಚ್ಚುವ ಈಚಿನ ಪದ್ಧತಿಯೂ ತತ್ತ್ವದಲ್ಲಿ ಹೆಚ್ಚು ನ್ಯಾಯವಾದುದು. ಮೂರು ವರ್ಷದ ಠೇವಣಿಗೆ ಮೂರು ವರ್ಷದ ದರ, ಮೂರು ತಿಂಗಳ ಸಾಲಕ್ಕೆ ಮೂರು ತಿಂಗಳ ದರ ಎಂಬುದರಲ್ಲಿ ಆಕ್ಷೇಪಿಸುವಂತಹುದೇನಿದೆ? ತೊಡಕಿರುವುದು ಉಳಿತಾಯ ಖಾತೆಯಲ್ಲಿ. ಕಾನೂನಿನಂತೆ ಆ ಹಣವನ್ನು ಖಾತೆದಾರ ಕೇಳಿದ ಕ್ಷಣ ಕೊಡಬೇಕು. ಆದುದರಿಂದ ಅದು ಅತ್ಯಲ್ಪಾವಧಿಯ ಹಣ. ಅನುಭವದಂತೆ ಹಳ್ಳಿಯ ಉಳಿತಾಯ ಖಾತೆಯ ಮೊತ್ತದ ಬಹುಭಾಗ ವರ್ಷಗಟ್ಟಲೆ ಅಲ್ಲಿಯೇ ಇರುತ್ತದೆ. ಆದುದರಿಂದ ಅದು ದೀರ್ಘಾವಧಿಯ ಹಣ. ಎರಡರಲ್ಲಿ ಯಾವುದೆಂದು ಪ್ರಧಾನ ಕಛೇರಿ ತೀರ್ಮಾನಿಸುತ್ತದೆ. ನಮ್ಮ ಹಳ್ಳಿಯ ಶಾಖೆಯ 40 ಕೋಟಿಯಲ್ಲಿ 15 ಕೋಟಿ ಉಳಿತಾಯ ಖಾತೆಯದಾಗಿದ್ದು, ಎರಡು ಅವಧಿಗಳ ದರಕ್ಕೆ ಶೇಕಡಾ 1ರ ಅಂತರವಿದ್ದರೆ, ಈ ಒಂದು ತೀರ್ಮಾನದ ಬೆಲೆ ವರ್ಷಕ್ಕೆ 15 ಲಕ್ಷ. ಲಾಭವೋ ನಷ್ಟವೋ ಎಂಬುದನ್ನು ನಿರ್ಣಯಿಸಲು ಅಷ್ಟು ಸಾಕು.

ಹಾಗಾದರೆ ಶಾಖೆಯ ಹಳೆಯ ತಃಖ್ತೆಯನ್ನು ಕೈಯಲ್ಲಿ ಹಿಡಿದ ಸಂಶೋಧಕನು ಏನು ಮಾಡಬೇಕು? ಮೊದಲು ಆದಾಯದಲ್ಲಾಗಲಿ ವೆಚ್ಚದಲ್ಲಾಗಲಿ ಪ್ರಧಾನ ಕಛೇರಿಯ ಬಡ್ಡಿಯ ಸಾಲನ್ನು ಹುಡುಕಿ ತೆಗೆಯಬೇಕು. ಅದನ್ನು ಪ್ರಧಾನ ಕಛೇರಿ ಖಾತೆಯ ಸರಾಸರಿ ಮೊತ್ತದಿಂದ ಭಾಗಿಸಿದರೆ ಒಳದರ ತಾನಾಗಿ ಹೊರಬೀಳುತ್ತದೆ. ಸುತ್ತೋಲೆ ಸಿಗದಿದ್ದರೂ ಚಿಂತೆಯಿಲ್ಲ. ಸರಾಸರಿಯ ಬದಲು ವರ್ಷಾಂತ್ಯದ ಮೊತ್ತವನ್ನು ಬಳಸಿದರೆ ಮಾತ್ರ ಮೋಸಹೋಗುವ ಸಂಭವವಿದೆ. ಅಡಿಕೆಯ ಸೀಮೆಯಲ್ಲಿ ಠೇವಣಿಯೂ ಸಾಲವೂ ಫಸಲಿನೊಡನೆ ಏರಿಳಿಯುತ್ತವೆ. ವರ್ಷದ ಕೊನೆಯ ದಿನಕ್ಕೆಂದೇ ಠೇವಣಿಯನ್ನು ಉಬ್ಬಿಸುವ ಚಾಳಿಯೂ ಬ್ಯಾಂಕುಗಳಿಗೆ ಹೊಸದಲ್ಲ. ಹೀಗೆ ಪಡೆದ ಒಳದರವನ್ನು ವರ್ಷಾನುಕ್ರಮವಾಗಿ ಬರೆದು ಪಕ್ಕದಲ್ಲಿ ಶಾಖೆಯ ಲಾಭವನ್ನು ಬರೆಯಬೇಕು. ಠೇವಣಿ, ಸಾಲ, ಖರ್ಚುಗಳಲ್ಲಿ ಗಣನೀಯ ಬದಲಾವಣೆಯಿಲ್ಲದೆ ಲಾಭ ಮಾತ್ರ ಜಿಗಿದ ವರ್ಷ ಒಳದರವೂ ಜಿಗಿದಿದ್ದರೆ, ಆ ಜಿಗಿತಕ್ಕೆ ಊರಿನಲ್ಲಿ ಕಾರಣ ಹುಡುಕುವ ಶ್ರಮ ವ್ಯರ್ಥ. ಕಾಲದ ಅಳತೆಯಲ್ಲಿಯೂ ಒಂದು ಎಡವುಗಲ್ಲಿದೆ. ಬ್ಯಾಂಕುಗಳ ಲೆಕ್ಕದ ವರ್ಷವು ಹಿಂದೆ ಡಿಸೆಂಬರ್ 31ಕ್ಕೆ ಮುಗಿಯುತ್ತಿತ್ತು. ಅದನ್ನು ಮಾರ್ಚ್ 31ಕ್ಕೆ ಬದಲಾಯಿಸಿದಾಗ 1988ರ ಜನವರಿಯಿಂದ 1989ರ ಮಾರ್ಚ್ ತನಕ 15 ತಿಂಗಳ ಲೆಕ್ಕ ಒಂದಾಯಿತು. ಆ ಅವಧಿಯ ಬಡ್ಡಿಯನ್ನು 12 ತಿಂಗಳದೆಂದು ಹಿಡಿದರೆ ಒಳದರ ಇದ್ದಕ್ಕಿದ್ದಂತೆ ಕಾಲುಭಾಗ ಏರಿದಂತೆ ಕಾಣುತ್ತದೆ.

ಇವೆಲ್ಲವನ್ನೂ ಮಾಡಿದ ಮೇಲೆ ಪ್ರಧಾನ ಕಛೇರಿಯ ಬಡ್ಡಿಯನ್ನು ತೆಗೆದುಹಾಕಿ, ಆ ಕಾಲದ ಯಾವುದಾದರೂ ಹೊರದರವನ್ನು ಅಲ್ಲಿಟ್ಟು ಲೆಕ್ಕವನ್ನು ಮತ್ತೆ ಮಾಡಬೇಕು. ಹೊರದರವೇ ಇಲ್ಲದ ಕಾಲವಾದರೆ ಎರಡು ಮೂರು ದರಗಳನ್ನು ಇಟ್ಟು ನೋಡಿ, ಶಾಖೆಯು ಯಾವ ದರದಲ್ಲಿ ನಷ್ಟದಿಂದ ಲಾಭಕ್ಕೆ ದಾಟುತ್ತದೆಂಬುದನ್ನು ಹೇಳಿದರೆ ಸಾಕು. ನಮ್ಮ ಹಳ್ಳಿಯ ಶಾಖೆ ನಷ್ಟದ್ದೆಂದು ಬರೆಯುವುದಕ್ಕಿಂತ ಶೇಕಡಾ 6.14ರ ಕೆಳಗೆ ನಷ್ಟದ್ದೆಂದು ಬರೆಯುವುದರಲ್ಲಿ ಹೆಚ್ಚು ಚರಿತ್ರೆಯಿದೆ.

ಈ ಪ್ರಶ್ನೆ ಹಳೆಯ ಕಡತಗಳಿಗೆ ಮಾತ್ರ ಸೀಮಿತವಲ್ಲ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡದಲ್ಲಿಯೂ, 2020ರ ಏಪ್ರಿಲ್ 1ರಂದು ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ವಿಲೀನವಾದುವು. ಒಂದೇ ಪೇಟೆಯಲ್ಲಿ ನಿನ್ನೆಯವರೆಗೆ ಪ್ರತಿಸ್ಪರ್ಧಿಗಳಾಗಿದ್ದ ಎರಡು ಶಾಖೆಗಳು ಒಂದೇ ಬ್ಯಾಂಕಿನವಾದಾಗ, ಯಾವುದನ್ನು ಉಳಿಸಿ ಯಾವುದನ್ನು ಅದರೊಳಗೆ ಸೇರಿಸಬೇಕೆಂಬ ಪ್ರಶ್ನೆ ಸಹಜವಾಗಿಯೇ ಹುಟ್ಟುತ್ತದೆ. ಅಲ್ಲಿ ಎರಡು ಶಾಖೆಗಳ ಹಿಂದಿನ ಲಾಭಗಳನ್ನು ಅಕ್ಕಪಕ್ಕ ಇಟ್ಟು ನೋಡುವವರು, ಆ ಲಾಭಗಳು ಎರಡು ಬೇರೆ ಪ್ರಧಾನ ಕಛೇರಿಗಳ ಎರಡು ಬೇರೆ ಒಳದರಗಳಿಂದ ಹುಟ್ಟಿದವೆಂಬುದನ್ನು ನೆನೆಯಬೇಕು. ವಿಲೀನದ ಹಿಂದಿನ ವರ್ಷದ ತಃಖ್ತೆಯನ್ನೂ ಮುಂದಿನ ವರ್ಷದ ತಃಖ್ತೆಯನ್ನೂ ಒಂದೇ ಶ್ರೇಣಿಯಲ್ಲಿ ಪೋಣಿಸಿ, ಬೆಳ್ತಂಗಡಿಯ ಯಾವುದೋ ಶಾಖೆ ಏರಿತು ಅಥವಾ ಇಳಿಯಿತು ಎಂದು ಬರೆಯುವುದಕ್ಕೆ ಆ ಎರಡು ದರಗಳೂ ಕೈಯಲ್ಲಿರಬೇಕಾಗುತ್ತದೆ.